ಒಂದೇ ಮೊಳೆ, ಮೂರು ಕ್ಯಾಲೆಂಡರ್: ಯಾವುದನ್ನು ತೂಗುಹಾಕುವುದು?

ಹನುಮಂತನಗರದಲ್ಲಿ ನಮ್ಮ ಅಕ್ಕ ಇರುವುದು ಬಾಡಿಗೆ ಮನೆಯಲ್ಲಿ. ಅಡುಗೆಮನೆ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದೇ ಒಂದು ಮೊಳೆ ಇದೆ. ಇನ್ನೊಂದು ಹೊಡೆಯಲು ಓನರ್ ಒಪ್ಪುವುದಿಲ್ಲ. ಕಳೆದ ಡಿಸೆಂಬರ್ ಕೊನೆಯಲ್ಲಿ ನಾನು ಹೋದಾಗ ಊಟದ ಮೇಜಿನ ಮೇಲೆ 2026ರ ಮೂರು ಕ್ಯಾಲೆಂಡರ್ ಸುತ್ತಿಟ್ಟಿದ್ದವು. ಒಂದು ದಪ್ಪ ಅಂಕಿಯದು, ಭಾವ ತಂದದ್ದು. ಇನ್ನೊಂದು ತಿಥಿ, ನಕ್ಷತ್ರ ಎಲ್ಲ ತುಂಬಿದ ಪಂಚಾಂಗದ ಕ್ಯಾಲೆಂಡರ್. ಅದು ಅಕ್ಕನ ಅತ್ತೆ ಹೇಳಿ ತರಿಸಿಕೊಂಡದ್ದು. ಮೂರನೆಯದು ಖಾಲಿ ಖಾಲಿ ಚೌಕಗಳ ಪ್ಲ್ಯಾನರ್, ಅಕ್ಕನ ಮಗಳು ಆನ್‌ಲೈನ್‌ನಲ್ಲಿ ತರಿಸಿದ್ದು.

"ನೀನು ಪ್ರೆಸ್‌ನಲ್ಲಿ ಇದ್ದವನಲ್ವಾ, ನೀನೇ ಹೇಳಪ್ಪ. ಯಾವುದು ಮೊಳೆಗೆ, ಯಾವುದು ಅಟ್ಟಕ್ಕೆ?" ಅಂದಳು ಅಕ್ಕ.

ನಾನು ಸುಲ್ತಾನ್‌ಪೇಟೆಯ ಒಂದು ಪ್ರೆಸ್‌ನಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತಿದ್ದವನು. ದಸರಾದಿಂದ ಡಿಸೆಂಬರ್ ತನಕ ನಮಗೆ ಕ್ಯಾಲೆಂಡರ್ ಬಿಟ್ಟು ಬೇರೆ ಪ್ರಪಂಚ ಇರುತ್ತಿರಲಿಲ್ಲ. ಅಲ್ಲಿ ಕಲಿತದ್ದು ಇಷ್ಟೇ: ಒಂದು ಚೌಕದಲ್ಲಿ ಇರುವ ಜಾಗ ಒಂದಿಷ್ಟು. ಅದಕ್ಕಾಗಿ ಮೂರು ಜನ ಜಗಳ ಆಡುತ್ತಾರೆ. ತಾರೀಕಿನ ಅಂಕಿ, ಹಬ್ಬದ ಹೆಸರು, ನಿಮ್ಮ ಕೈಬರಹ. ಮೂವರನ್ನೂ ಗೆಲ್ಲಿಸುವ ಕ್ಯಾಲೆಂಡರನ್ನು ನಾನಂತೂ ನೋಡಿಲ್ಲ. ನಿಮ್ಮ ಮನೆಯಲ್ಲಿ ಯಾರು ಗೆಲ್ಲಬೇಕು ಅನ್ನುವುದು ಗೊತ್ತಾದರೆ ಆಯ್ಕೆ ಸುಲಭ.

ಯಾವ ಪುಟ ನೋಡಬೇಕು

ಅಂಗಡಿಯಲ್ಲಿ ಎಲ್ಲರೂ ಜನವರಿ ಪುಟ ನೋಡಿ ಕೊಳ್ಳುತ್ತಾರೆ. ನಾನು ಆಗಸ್ಟ್ ತೆಗೆದೆ. 2026ರ ಆಗಸ್ಟ್ 1 ಶನಿವಾರ, ತಿಂಗಳಿಗೆ 31 ದಿನ. ಭಾನುವಾರದಿಂದ ವಾರ ಶುರು ಮಾಡಿದರೆ ಮೊದಲ ವಾರದಲ್ಲಿ ಒಂದೇ ದಿನ, ಆಮೇಲೆ ನಾಲ್ಕು ಪೂರ್ತಿ ವಾರ, ಕೊನೆಗೆ 30, 31 ಎರಡು ದಿನ ಉಳಿಯುತ್ತವೆ. ಒಟ್ಟು ಆರು ವಾರ. ಬಹಳಷ್ಟು ಕ್ಯಾಲೆಂಡರ್‌ಗಳ ಚೌಕಟ್ಟು ಐದು ವಾರಕ್ಕೆ ಮಾತ್ರ ಮಾಡಿರುತ್ತದೆ. ಉಳಿದ ಎರಡು ದಿನಗಳನ್ನು ಎಲ್ಲಿ ತುರುಕಿದ್ದಾರೆ ಅನ್ನುವುದರಲ್ಲಿ ವಿನ್ಯಾಸ ಮಾಡಿದವನ ಯೋಗ್ಯತೆ ಗೊತ್ತಾಗುತ್ತದೆ. ಅದೇ ವರ್ಷದ ಫೆಬ್ರವರಿ ನೋಡಿ, ಭಾನುವಾರ ಶುರುವಾಗಿ 28 ದಿನ, ಸರಿಯಾಗಿ ನಾಲ್ಕು ವಾರ. ಆ ಪುಟದಲ್ಲಿ ಎಂಥಾ ಕ್ಯಾಲೆಂಡರ್ ಆದರೂ ಚೆನ್ನಾಗೇ ಕಾಣುತ್ತದೆ.

ಆರು ವಾರದ ತಿಂಗಳನ್ನು ಕಂಡುಹಿಡಿಯುವುದು ಸುಲಭ. 31 ದಿನದ ತಿಂಗಳು ಶುಕ್ರವಾರವೋ ಶನಿವಾರವೋ ಶುರುವಾಗಿರಬೇಕು, ಅಥವಾ 30 ದಿನದ ತಿಂಗಳು ಶನಿವಾರ ಶುರುವಾಗಿರಬೇಕು. 2026ರಲ್ಲಿ ಅಂಥವು ಎರಡೇ, ಮೇ ಮತ್ತು ಆಗಸ್ಟ್.

ದೂರದಿಂದ ಕಾಣಬೇಕು ಅಂದರೆ

ಅಕ್ಕ ಗ್ಯಾಸ್ ಒಲೆಯ ಮುಂದೆ ನಿಂತರೆ ಮೊಳೆ ಸುಮಾರು ಮೂರು ಮೀಟರ್ ದೂರ. ಕಣ್ಣಿನ ಡಾಕ್ಟರ ಹತ್ತಿರ ಇರುವ ಅಕ್ಷರದ ಬೋರ್ಡ್‌ನಲ್ಲಿ 6/6 ಸಾಲು ಅನ್ನುತ್ತಾರಲ್ಲ, ಆ ಅಕ್ಷರ ಆರು ಮೀಟರ್ ದೂರಕ್ಕೆ 9 ಮಿಲಿಮೀಟರ್ ಹತ್ತಿರ ಇರುತ್ತದೆ. ಅಂದರೆ ಮೂರು ಮೀಟರ್‌ಗೆ ನಾಲ್ಕೂವರೆ ಮಿಲಿಮೀಟರ್ ಸಾಕು. ಆದರೆ ಅದು ಒಳ್ಳೆ ಕಣ್ಣಿನವರು ಕಣ್ಣು ಕಿರಿದು ಮಾಡಿ ಓದುವ ಅಳತೆ. ಸಾಂಬಾರಿಗೆ ಒಗ್ಗರಣೆ ಹಾಕುತ್ತಾ ಸುಮ್ನೆ ತಲೆ ತಿರುಗಿಸಿ ನೋಡಿದರೆ ಕಾಣಬೇಕು ಅಂದರೆ ಅದರ ಮೂರರಷ್ಟು ಬೇಕು. ನಾನು ಇಟ್ಟುಕೊಂಡಿರುವ ಲೆಕ್ಕ: ಮೀಟರಿಗೆ ಅರ್ಧ ಸೆಂಟಿಮೀಟರ್. ಮೂರು ಮೀಟರ್ ದೂರಕ್ಕೆ ಒಂದೂವರೆ ಸೆಂಟಿಮೀಟರ್ ಎತ್ತರದ ಅಂಕಿ. ಪೊರೆ ಬಂದಿರುವ ಕಣ್ಣಿಗೆ ಅದರ ಒಂದೂವರೆ ಪಟ್ಟು ಬೇಕಾದೀತು.

ಎತ್ತರ ಒಂದೇ ಸಾಲದು. ಅಂಕಿಯ ಹೊಟ್ಟೆ ತೆರೆದಿರಬೇಕು. ತುಂಬಾ ದಪ್ಪ ಮಾಡಿದರೆ 6, 8, 9ರ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಹತ್ತು ಅಡಿಯಿಂದ ಮೂರೂ ಒಂದೇ ಕಪ್ಪು ಉಂಡೆ. ಕನ್ನಡ ಅಂಕಿಯ ಕ್ಯಾಲೆಂಡರ್ ನನಗೂ ಇಷ್ಟ, ಮನೆಯಲ್ಲಿ ಒಂದಿರಲಿ. ಆದರೆ ದೂರದ ಗೋಡೆಗೆ ಹಾಕುವ ಮುಂಚೆ ೧ ಮತ್ತು ೦ ಬೇರೆ ಬೇರೆ ಕಾಣುತ್ತವಾ ಅಂತ ನಿಂತು ನೋಡಿ. ೧೦, ೧೧, ೨೦, ೨೧ ಇವೇ ತೊಂದರೆ ಕೊಡುವವು.

ಇನ್ನೊಂದು, ಸಣ್ಣ ಅಕ್ಷರದ ಬಣ್ಣ. ನಾಲ್ಕು ಬಣ್ಣದ ಮುದ್ರಣದಲ್ಲಿ ಕೆಂಪು ಅಂತ ಬೇರೆ ಇಂಕು ಇರುವುದಿಲ್ಲ. ಮಜೆಂತಾ ಮತ್ತು ಹಳದಿ ಒಂದರ ಮೇಲೊಂದು ಕೂತು ಕೆಂಪಾಗುತ್ತದೆ. ಎರಡು ಕೂದಲೆಳೆಯಷ್ಟು ಆಚೀಚೆ ಆದರೆ ಪ್ರೆಸ್‌ನವರು ರಿಜಿಸ್ಟರ್ ತಪ್ಪಿದೆ ಅನ್ನುತ್ತಾರೆ. ದೊಡ್ಡ ಅಂಕಿಗೆ ಅದರಿಂದ ಏನೂ ಆಗುವುದಿಲ್ಲ. ಸಣ್ಣ ಅಕ್ಷರ ಮಾತ್ರ ಕೆಟ್ಟುಹೋಗುತ್ತದೆ. "ವರಮಹಾಲಕ್ಷ್ಮಿ" ಅನ್ನುವ ಪದವನ್ನು ಹುಡುಕಿ. ಅದರ ಕ್ಷ್ಮಿಯಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಇದೆ. ಆ ಎರಡೂ ಒತ್ತು ಬಿಡಿಬಿಡಿಯಾಗಿ ಕಂಡರೆ ಉಳಿದದ್ದೆಲ್ಲ ಓದಲು ಬರುತ್ತದೆ ಅಂತಲೇ ಅರ್ಥ. ಕೆಂಪು ಅಕ್ಷರದ ಅಂಚಿನಲ್ಲಿ ಗುಲಾಬಿಯೋ ಹಳದಿಯೋ ನೆರಳು ಕಂಡರೆ ಆ ಕ್ಯಾಲೆಂಡರ್ ಬೇಡ.

ಕೆಂಪು ಅಂದರೆ ಹಬ್ಬವಲ್ಲ

ಕ್ಯಾಲೆಂಡರ್‌ನ ಕೆಂಪು ಹೇಳುವುದು ಆಫೀಸಿನ ರಜೆಯನ್ನು, ಮನೆಯ ಹಬ್ಬವನ್ನಲ್ಲ. ವರಮಹಾಲಕ್ಷ್ಮಿ ಹಬ್ಬವನ್ನೇ ನೋಡಿ. ಹಿಂದಿನ ದಿನ ಗಾಂಧಿಬಜಾರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹೂವಿನ ಬೆಲೆ ಆಕಾಶಕ್ಕೆ ಹೋಗಿರುತ್ತದೆ. ಆದರೆ ಅದು ಸರ್ಕಾರದ ಸಾರ್ವತ್ರಿಕ ರಜೆಯ ಪಟ್ಟಿಯಲ್ಲಿ ಇಲ್ಲ. ಬರೀ ಕೆಂಪು ಕಪ್ಪು ನಂಬಿದ ಕ್ಯಾಲೆಂಡರ್‌ನಲ್ಲಿ ಆ ಶುಕ್ರವಾರ ಮಾಮೂಲಿ ಶುಕ್ರವಾರ.

ಇದರ ತಿರುಗುಮುರುಗು ತೊಂದರೆ ಭಾನುವಾರದ್ದು. 2026ರಲ್ಲಿ ಶಿವರಾತ್ರಿ ಫೆಬ್ರವರಿ 15ರ ಭಾನುವಾರ. ರಾಜ್ಯೋತ್ಸವ ನವೆಂಬರ್ 1, ಅದೂ ಭಾನುವಾರ. ನರಕ ಚತುರ್ದಶಿ ನವೆಂಬರ್ 8, ಮತ್ತೆ ಭಾನುವಾರ. ಭಾನುವಾರ ಹೇಗೂ ಕೆಂಪು. ಕೆಂಪಿನಲ್ಲಿ ಕೆಂಪು ಕಾಣುವುದಿಲ್ಲ. ಒಳ್ಳೆ ವಿನ್ಯಾಸದಲ್ಲಿ ಹಬ್ಬಕ್ಕೆ ಬಣ್ಣದ ಜೊತೆಗೆ ಇನ್ನೊಂದು ಗುರುತು ಇರುತ್ತದೆ. ಅಂಕಿಯ ಸುತ್ತ ಚೌಕ, ಚೌಕದ ಹಿಂದೆ ತಿಳಿ ಬಣ್ಣ, ಅಥವಾ ಕಡೇಪಕ್ಷ ಒಂದು ಚುಕ್ಕಿ. ಕೆಂಪು ಹಸಿರು ಗುರುತು ಹಿಡಿಯಲಾಗದವರಿಗೂ ಸಂಜೆ ಮಬ್ಬು ಬೆಳಕಿನಲ್ಲಿ ನೋಡುವವರಿಗೂ ಆಕಾರದ ಗುರುತೇ ಗತಿ. ಹಾಗಾಗಿ ಫೆಬ್ರವರಿ 15 ತೆಗೆದು ಮೂರು ಮೀಟರ್ ದೂರ ನಿಂತು, ಆ ಭಾನುವಾರ ಬೇರೆ ಭಾನುವಾರಗಳಿಗಿಂತ ಬೇರೆ ಕಾಣುತ್ತದಾ ಅಂತ ನೋಡಿ.

ತಾರೀಕೇ ತಪ್ಪಿರುವುದೂ ಉಂಟು. ಹೋದ ಸಲ ನಮ್ಮ ಮನೆಗೆ ಒಂದು ಅಂಗಡಿಯವರು ಕೊಟ್ಟ ಕ್ಯಾಲೆಂಡರ್‌ನಲ್ಲಿ ಸಂಕ್ರಾಂತಿಗೆ ಜನವರಿ 14ನ್ನು ಕೆಂಪು ಮಾಡಿದ್ದರು. ಸೂರ್ಯ ಮಕರ ರಾಶಿಗೆ ಬಂದದ್ದು 14ರ ಮಧ್ಯಾಹ್ನ 3 ಗಂಟೆ ಸುಮಾರಿಗೆ, ಆ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಸರ್ಕಾರಿ ರಜೆ ಇದ್ದದ್ದು 15ರ ಗುರುವಾರ. ನಾನು 14ಕ್ಕೆ ಒಂದು ಸರ್ಕಾರಿ ಕಚೇರಿಯ ಕೆಲಸ ಬೇಡ ಅಂತ ಬಿಟ್ಟು 15ಕ್ಕೆ ಹೋಗಿ ಬೀಗ ನೋಡಿ ಬಂದೆ. ಹೀಗಾಗಲು ಕಾರಣ ಇದೆ. ಅಂಗಡಿಗಳು ಹಂಚುವ ಕ್ಯಾಲೆಂಡರ್‌ಗಳಲ್ಲಿ ಬಹಳಷ್ಟು ಶಿವಕಾಶಿಯಲ್ಲಿ ಮೊದಲೇ ಅಚ್ಚಾಗಿ ಬಂದು, ಇಲ್ಲಿ ಅಂಗಡಿಯ ಹೆಸರು ಮಾತ್ರ ಹಾಕಿಸಿಕೊಳ್ಳುತ್ತವೆ. ಹೊಸ ವರ್ಷದ ಮಾದರಿಗಳು ಆಗಸ್ಟ್ ಹೊತ್ತಿಗೇ ಓಡಾಡುತ್ತವೆ. ನಮ್ಮ ರಾಜ್ಯ ಸರ್ಕಾರದ ರಜೆ ಪಟ್ಟಿ ಬರುವುದು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ. ಬೇಗ ಅಚ್ಚಾದ ಕ್ಯಾಲೆಂಡರ್ ಊಹೆಯ ಮೇಲೆ ನಿಂತಿರುತ್ತದೆ. ರಂಜಾನ್, ಬಕ್ರೀದ್ ಹಬ್ಬಗಳಂತೂ ಚಂದ್ರ ಕಂಡ ಮೇಲೆ ತೀರ್ಮಾನ. ಅವಕ್ಕೆ ಯಾವ ಕ್ಯಾಲೆಂಡರ್ ಆದರೂ ಒಂದು ದಿನ ಆಚೀಚೆ ಆಗಬಹುದು.

ಬರೆಯುವ ಜಾಗ ಅಂದರೆ ಎಷ್ಟು ಜಾಗ

ಮನೆಯಲ್ಲಿ ಕ್ಯಾಲೆಂಡರ್ ಮೇಲೆ ಬರೆಯುವುದು ಎರಡು ತರಹ. ಒಂದು ದಿನಾ ಹಾಕುವ ಸಣ್ಣ ಗುರುತು: ಹಾಲಿನ ಪ್ಯಾಕೆಟ್ ಎಷ್ಟು, ಕೆಲಸದವರು ಬಂದರಾ ಇಲ್ವಾ, ಕಾವೇರಿ ನೀರು ಬಂತಾ. ಇದಕ್ಕೆ ಒಂದು ಸೆಂಟಿಮೀಟರ್ ಜಾಗ ಸಾಕು, ಆದರೆ ಎಲ್ಲಾ ಚೌಕದಲ್ಲೂ ಅದೇ ಮೂಲೆಯಲ್ಲಿ ಬೇಕು. ತಿಂಗಳ ಕೊನೆಗೆ ಒಂದೇ ನೋಟದಲ್ಲಿ ಕೂಡಬೇಕಲ್ಲ. ಎರಡನೆಯದು ಯಾವಾಗಲೋ ಒಮ್ಮೆ ಬರೆಯುವ ಸಾಲು: "ಗ್ಯಾಸ್ ಬುಕ್ ಆಯ್ತು", "ಸುಧಾ ಮದುವೆ 10 ಗಂಟೆ". ಗೋಡೆಯ ಮೇಲೆ ನಿಂತು ಬರೆಯುವಾಗ ನಮ್ಮ ಅಕ್ಷರ ನೋಟ್‌ಬುಕ್‌ನಲ್ಲಿ ಇರುವುದಕ್ಕಿಂತ ದೊಡ್ಡದಾಗುತ್ತದೆ. ಒಂದು ಸಾಲಿಗೆ ಒಂದು ಸೆಂಟಿಮೀಟರ್ ಎತ್ತರ, ಮೂರೂವರೆ ನಾಲ್ಕು ಸೆಂಟಿಮೀಟರ್ ಅಗಲ ಹಿಡಿಯುತ್ತದೆ.

ಜಾಗದಷ್ಟೇ ಮುಖ್ಯ ಕಾಗದ. ಹೊಳೆಯುವ ಆರ್ಟ್ ಪೇಪರ್ ಮೇಲೆ ಬಾಲ್‌ಪೆನ್ ಜಾರುತ್ತದೆ, ಜೆಲ್ ಪೆನ್ ಬರೆದದ್ದು ಬೆರಳಿಗೆ ಮೆತ್ತಿಕೊಳ್ಳುತ್ತದೆ. ಮ್ಯಾಪ್‌ಲಿಥೋ ಅನ್ನುವ ಹೊಳಪಿಲ್ಲದ ಕಾಗದ ಶಾಯಿ ಹೀರುತ್ತದೆ. ಅಂಗಡಿಯಲ್ಲಿ ಬರೆದು ನೋಡಲು ಬಿಡುವುದಿಲ್ಲ, ಪುಟವನ್ನು ಸ್ವಲ್ಪ ಓರೆಯಾಗಿ ಹಿಡಿಯಿರಿ. ಟ್ಯೂಬ್‌ಲೈಟ್ ಗೆರೆಯ ಹಾಗೆ ಅದರಲ್ಲಿ ಕಂಡರೆ ಪೆನ್ ನಿಲ್ಲುವುದಿಲ್ಲ, ರಾತ್ರಿ ಅಂಕಿಯೂ ಸರಿಯಾಗಿ ಕಾಣುವುದಿಲ್ಲ. ಇನ್ನು ಬಾಲ್‌ಪೆನ್ ಗೋಡೆಯ ಮೇಲೆ ನಾಲ್ಕು ಅಕ್ಷರ ಬರೆದು ನಿಂತುಹೋದರೆ ಕಾಗದವನ್ನು ಬೈಯಬೇಡಿ. ಶಾಯಿ ತನ್ನ ಭಾರಕ್ಕೆ ಕೆಳಗಿಳಿದು ತುದಿಯ ಸಣ್ಣ ಗುಂಡನ್ನು ತಾಕಬೇಕು. ಪೆನ್ನನ್ನು ಅಡ್ಡ ಹಿಡಿದರೆ ಇಳಿಯುವುದಿಲ್ಲ. ಅಕ್ಕನ ಮನೆಯಲ್ಲಿ ಒಂದು 2ಬಿ ಪೆನ್ಸಿಲ್ಲನ್ನು ದಾರ ಕಟ್ಟಿ ಅದೇ ಮೊಳೆಗೆ ನೇತು ಹಾಕಿದ್ದೇವೆ.

ದಪ್ಪ ಅಂಕಿಯದು

ಬೆಂಗಳೂರಿನ ಹಳೇ ಮನೆಗಳಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೋಡುತ್ತಾ ಬೆಳೆದವರಿಗೆ ದೊಡ್ಡ ಅಂಕಿಯ ರೂಢಿ ಇದೆ. ಭಾವ ತಂದದ್ದು ಬೇರೆ ಯಾರದ್ದೋ, ಆದರೆ ಅದೇ ಜಾತಿಯದು. 15 ಇಂಚು ಅಗಲ, 20 ಇಂಚು ಎತ್ತರ. ಮೇಲೆ ತಗಡಿನ ಪಟ್ಟಿ. ಅಂಕಿ ಎರಡೂವರೆ ಸೆಂಟಿಮೀಟರ್ ಎತ್ತರ. ಅಂದರೆ ಐದು ಮೀಟರ್ ದೂರದಿಂದಲೂ ಓದಬಹುದು.

ಇದರಲ್ಲಿ ವಾರಗಳು ಮೇಲಿಂದ ಕೆಳಗೆ ಇಳಿಯುತ್ತವೆ. ಎಡಗಡೆ ಭಾನು, ಸೋಮ, ಮಂಗಳ ಅಂತ ಏಳು ಸಾಲು, ಪಕ್ಕಕ್ಕೆ ಐದು ವಾರ. ಇದು ಹಳೇ ಪದ್ಧತಿ ಅಂತ ಸುಮ್ನೆ ತಳ್ಳಬೇಡಿ, ಇದರಲ್ಲಿ ಎರಡು ಜಾಣತನ ಇದೆ. ಮೊದಲನೆಯದು ಚೌಕದ ಆಕಾರ. ಅಂಚು, ವಾರದ ಹೆಸರು, ಮೇಲಿನ ಚಿತ್ರ ಎಲ್ಲ ಕಳೆದು ನಾನು ಸ್ಕೇಲ್ ಇಟ್ಟಾಗ ಒಂದು ಚೌಕ ಆರು ಸೆಂಟಿಮೀಟರ್ ಅಗಲ, ನಾಲ್ಕು ಚಿಲ್ಲರೆ ಎತ್ತರ ಬಂತು. ಕನ್ನಡದ ಹಬ್ಬದ ಹೆಸರುಗಳು ಉದ್ದುದ್ದ. "ಸಂಕಷ್ಟಹರ ಚತುರ್ಥಿ" ಒಂದೇ ಸಾಲಿನಲ್ಲಿ ಕೂರಲು ಅಗಲ ಬೇಕು, ಎತ್ತರವಲ್ಲ. ಎರಡನೆಯದು ರಾಹುಕಾಲ. ಅದು ವಾರಕ್ಕೆ ಕಟ್ಟಿದ ಸಮಯ, ಸೋಮವಾರ 7.30ರಿಂದ 9, ಶುಕ್ರವಾರ 10.30ರಿಂದ 12. ವಾರದ ಹೆಸರಿನ ಪಕ್ಕ ಒಂದು ಸಲ ಅಚ್ಚು ಹಾಕಿದರೆ ಇಡೀ ಸಾಲಿಗೆ ಆಯಿತು. ಪ್ರತಿ ಚೌಕದಲ್ಲೂ ಬರೆದು ಜಾಗ ಹಾಳು ಮಾಡಬೇಕಿಲ್ಲ.

ಆಗಸ್ಟ್ ಪುಟಕ್ಕೆ ಬಂದಾಗ ಮಾತ್ರ ಎಡವುತ್ತದೆ. ಮೊದಲ ಕಂಬದಲ್ಲಿ ತಳದ ಶನಿವಾರಕ್ಕೆ 1 ಇದೆ, ಮೇಲಿನ ಆರು ಚೌಕ ಖಾಲಿ. ಉಳಿದುಹೋದ 30, 31ನ್ನು ಅಲ್ಲೇ ಮೇಲೆ ಭಾನುವಾರ, ಸೋಮವಾರದ ಚೌಕಗಳಲ್ಲಿ ಕೂರಿಸಿದ್ದಾರೆ. ಲೆಕ್ಕ ಸರಿ. ಆದರೆ ಕಣ್ಣು ಮೇಲಿಂದ ಓದುತ್ತದೆ: 30, 31, ಆಮೇಲೆ 1. ಅದು ಜುಲೈ ಕೊನೆ ಅಂತಲೇ ಅನ್ನಿಸುತ್ತದೆ. ಅಕ್ಕನ ಅತ್ತೆ ನೋಡಿದವರೇ, "ಏನಪ್ಪಾ ಇದು, 29ರ ಆಮೇಲೆ ತಿಂಗಳೇ ಮುಗಿದುಹೋಯಿತಲ್ಲ!" ಅಂದರು. ಇಂಥ ಕಡೆ 30, 31ಕ್ಕೆ ಬೇರೆ ಹಿನ್ನೆಲೆ ಬಣ್ಣ ಕೊಟ್ಟಿದ್ದರೆ ಒಳ್ಳೆಯದು. ಇದರಲ್ಲಿ ಕೊಟ್ಟಿರಲಿಲ್ಲ.

ಬರೆಯುವ ಜಾಗ? ಎರಡೂವರೆ ಸೆಂಟಿಮೀಟರ್ ಅಂಕಿ, ಕೆಳಗೆ ಹಬ್ಬದ ಒಂದು ಸಾಲು ಹೋಗಿ ಉಳಿಯುವುದು ಅಂಕಿಯ ಬಲಗಡೆ ಎರಡು ಸೆಂಟಿಮೀಟರ್ ಅಗಲದ ಪಟ್ಟಿ. ಹಾಲಿನ ಲೆಕ್ಕಕ್ಕೆ ಸಾಕು. ಮದುವೆಯ ವಿವರಕ್ಕೆ ಸಾಲದು.

ಪಂಚಾಂಗ ತುಂಬಿದ್ದು

ಇದನ್ನು ಬೇರೆ ಎರಡರ ಪಕ್ಕ ಇಟ್ಟು ಅಂಕ ಕೊಡುವುದು ಅನ್ಯಾಯ. ಇದರ ಕೆಲಸವೇ ಬೇರೆ. ಒಂದು ಚೌಕದಲ್ಲಿ ತಿಥಿ, ನಕ್ಷತ್ರ, ಅವು ಮುಗಿಯುವ ಗಂಟೆ, ಏಕಾದಶಿ, ಪ್ರದೋಷ, ಜಾತ್ರೆ, ಆರಾಧನೆ. ಅಂಕಿ ಒಂದೂವರೆ ಸೆಂಟಿಮೀಟರ್ ಇದ್ದರೂ ಸುತ್ತ ಇಷ್ಟು ಅಕ್ಷರ ಮುತ್ತಿಕೊಂಡಿರುವುದರಿಂದ ಒಂದು ಸೆಂಟಿಮೀಟರ್‌ನಂತೆ ಕಾಣುತ್ತದೆ. ಅಕ್ಕನ ಮಗಳು ಇದಕ್ಕೆ ಇರುವೆ ಕ್ಯಾಲೆಂಡರ್ ಅಂತ ಹೆಸರಿಟ್ಟಿದ್ದಾಳೆ. ಕೈಬರಹಕ್ಕೆ ಜಾಗ ಸೊನ್ನೆ. ಬರೆದರೆ ತಿಥಿಯ ಮೇಲೆ ಬರೆಯಬೇಕು.

ಆದರೆ ಮನೆಯಲ್ಲಿ ಉಪವಾಸ, ಶ್ರಾದ್ಧ, ವ್ರತ ನಡೆಯುವುದಾದರೆ ಮುಗಿಯುವ ಗಂಟೆ ಇಲ್ಲದೆ ಆಗುವುದಿಲ್ಲ. 2026ರ ಯುಗಾದಿಯನ್ನೇ ತೆಗೆದುಕೊಳ್ಳಿ, ಮಾರ್ಚ್ 19ರ ಗುರುವಾರ. ದೃಗ್ಗಣಿತದ ಪ್ರಕಾರ ಆ ದಿನ ಸೂರ್ಯ ಹುಟ್ಟುವಾಗ ಇನ್ನೂ ಅಮಾವಾಸ್ಯೆ. ಬೆಳಗ್ಗೆ 7ಕ್ಕೆ ಸ್ವಲ್ಪ ಮುಂಚೆ ಅದು ಮುಗಿದು ಪಾಡ್ಯ ಬರುತ್ತದೆ. ಆ ಪಾಡ್ಯ ಮರುದಿನ ಸೂರ್ಯ ಹುಟ್ಟುವ ಮುಂಚೆ, ಬೆಳಗಿನ ಜಾವ 5ರ ಹತ್ತಿರ ಮುಗಿದೇ ಹೋಗುತ್ತದೆ. ಬರೀ ಸೂರ್ಯೋದಯದ ತಿಥಿಯನ್ನು ಒಂದೊಂದೇ ಪದದಲ್ಲಿ ಹಾಕಿದ ಕ್ಯಾಲೆಂಡರ್‌ನಲ್ಲಿ 19ಕ್ಕೆ ಅಮಾವಾಸ್ಯೆ, 20ಕ್ಕೆ ಬಿದಿಗೆ. ಪಾಡ್ಯ ಇಲ್ಲವೇ ಇಲ್ಲ. ಅಮಾವಾಸ್ಯೆಯ ಚೌಕದಲ್ಲಿ ಯುಗಾದಿ ಕಂಡು ಎಷ್ಟು ಜನ ಇದು ಅಚ್ಚಿನ ತಪ್ಪು ಅಂದುಕೊಂಡರೋ. ಗಂಟೆ ಅಚ್ಚಾಗಿದ್ದರೆ ಗೊಂದಲವಿಲ್ಲ. ಹಾಗಾಗಿ ಈ ಜಾತಿಯ ಕ್ಯಾಲೆಂಡರ್ ಕೊಳ್ಳುವಾಗ ನಾನು ನೋಡುವುದು ಮಾರ್ಚ್ 19. ಆ ಚೌಕದಲ್ಲಿ ಅಮಾವಾಸ್ಯೆ ಎಷ್ಟು ಗಂಟೆಯವರೆಗೆ ಅಂತ ಇದ್ದರೆ ಸರಿ.

ಇನ್ನೊಂದು ಪರೀಕ್ಷೆ ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೆಯ ಸೋಮವಾರ. 2026ರಲ್ಲಿ ಕಾರ್ತಿಕ ಶುರುವಾಗುವುದು ಬಲಿಪಾಡ್ಯಮಿಯ ದಿನ, ನವೆಂಬರ್ 10. ಮುಗಿಯುವುದು ಡಿಸೆಂಬರ್ ಎರಡನೇ ವಾರದ ಅಮಾವಾಸ್ಯೆಗೆ. ಆ ಲೆಕ್ಕದಲ್ಲಿ ಕೊನೆಯ ಸೋಮವಾರ ಡಿಸೆಂಬರ್ 7. ಮಾಸ ಎಲ್ಲಿ ಬದಲಾಗುತ್ತದೆ ಅನ್ನುವುದನ್ನು ಚೌಕದಲ್ಲೇ ಒಂದು ಗೆರೆಯಿಂದಲೋ ಬಣ್ಣದಿಂದಲೋ ತೋರಿಸಿದ ಕ್ಯಾಲೆಂಡರ್‌ನಲ್ಲಿ ಇದನ್ನು ನೀವೇ ಹುಡುಕಬಹುದು. ಪುಟದ ತಲೆಯ ಮೇಲೆ "ಕಾರ್ತಿಕ / ಮಾರ್ಗಶಿರ" ಅಂತ ಬರೆದು ಕೈ ತೊಳೆದುಕೊಂಡದ್ದರಲ್ಲಿ ಆಗುವುದಿಲ್ಲ. ಅಧಿಕ ಜ್ಯೇಷ್ಠವೂ ಈ ವರ್ಷ ಇದೆ, ಮೇ 17ರಿಂದ ಜೂನ್ 15. ಗೃಹಪ್ರವೇಶಕ್ಕೆ ದಿನ ನೋಡುವವರಿಗೆ ಇಡೀ ತಿಂಗಳು ಬೇರೆ ಬಣ್ಣದಲ್ಲಿ ಇದ್ದರೆ ಅನುಕೂಲ.

ಏಕಾದಶಿ ಸ್ಮಾರ್ತರಿಗೂ ಮಾಧ್ವರಿಗೂ ಕೆಲವು ಸಲ ಬೇರೆ ಬೇರೆ ದಿನ ಬರುತ್ತದೆ. ನಿಮ್ಮ ಮನೆಯ ಪದ್ಧತಿಯ ಪಂಚಾಂಗ ಹಿಡಿದೇ ಮಾಡಿದ್ದಾ ಅಂತ ಮೊದಲ ಪುಟದಲ್ಲಿ ನೋಡಿಕೊಳ್ಳಿ.

ಖಾಲಿ ಚೌಕದ ಪ್ಲ್ಯಾನರ್

ವಾರ ಎಡದಿಂದ ಬಲಕ್ಕೆ, ಮೇಲೆ ವೈರೋ ಸುರುಳಿ, ಮೂಲೆಯಲ್ಲಿ ಒಂದು ಸೆಂಟಿಮೀಟರ್ ಅಂಕಿ, ಉಳಿದದ್ದೆಲ್ಲ ಬಿಳಿ. ಚೌಕ ಐದು ಸೆಂಟಿಮೀಟರ್ ಅಗಲ, ಐದು ಎತ್ತರ. ಮೂರು ನಾಲ್ಕು ಸಾಲು ಆರಾಮಾಗಿ ಬರೆಯಬಹುದು. ಬೆಲೆ ಜಾಸ್ತಿ. ಮೊದಲಿನ ಎರಡೂ ನೂರು ರೂಪಾಯಿ ಒಳಗೆ ಸಿಗುತ್ತವೆ, ಇದಕ್ಕೆ ಇನ್ನೂರರಿಂದ ನಾನೂರು ಕೇಳುತ್ತಾರೆ.

ಒಂದು ಸೆಂಟಿಮೀಟರ್ ಅಂಕಿ ಅಂದರೆ ಎರಡು ಮೀಟರ್ ದೂರಕ್ಕೆ ಸರಿ. ಒಲೆಯ ಮುಂದಿನಿಂದ ಅಕ್ಕನಿಗೆ ಕಾಣಲಿಲ್ಲ. ಬೂದು ಬಣ್ಣದ ತೆಳು ಅಂಕಿ ಬೇರೆ. ಇದು ಇತ್ತೀಚಿನ ಶೋಕಿ, ಫೋಟೋದಲ್ಲಿ ಚೆಂದ, ಗೋಡೆಯಲ್ಲಿ ಮಾಯ. ಹಬ್ಬ ಅಂದರೆ ಸರ್ಕಾರಿ ರಜೆಯ ಹದಿನೈದಿಪ್ಪತ್ತು ಹೆಸರು ಅಷ್ಟೇ. ನಾಗರ ಪಂಚಮಿ ಆಗಸ್ಟ್ 17ಕ್ಕೆ ಇದೆ, ಇದರಲ್ಲಿ ಇಲ್ಲ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ರಜೆ, ಅದೂ ಇಲ್ಲ. ಆಗಸ್ಟ್‌ನಲ್ಲಿ 8 ಮತ್ತು 22 ಅಂತ ನಾವೇ ಸುತ್ತು ಹಾಕಿಕೊಳ್ಳಬೇಕು.

ಆರನೇ ವಾರಕ್ಕೆ ಇವರು ಮಾಡಿದ್ದು ಅರ್ಧ ಚೌಕ. 23ರ ಚೌಕಕ್ಕೆ ಓರೆ ಗೆರೆ ಎಳೆದು 23/30, ಪಕ್ಕದಲ್ಲಿ 24/31. ಬರೆಯಲೆಂದೇ ಇರುವ ಕ್ಯಾಲೆಂಡರ್‌ನಲ್ಲಿ ನಾಲ್ಕು ದಿನಕ್ಕೆ ತ್ರಿಕೋನದ ಜಾಗ. ಬಾಡಿಗೆ, ಕಂತು, ಸ್ಕೂಲ್ ಫೀಸು ಎಲ್ಲ ನೆನಪಾಗುವುದೇ ತಿಂಗಳ ಕೊನೆಗೆ, ಅಲ್ವಾ? ಆರು ಸಾಲು ಪೂರ್ತಿ ಕೊಟ್ಟಿರುವ ಪ್ಲ್ಯಾನರ್‌ಗಳೂ ಇವೆ. ದುಡ್ಡು ಕೊಟ್ಟು ಕೊಳ್ಳುವುದಾದರೆ ಅಂಥದನ್ನೇ ಕೊಳ್ಳಿ. ಬಲಗಡೆ "ಟಿಪ್ಪಣಿ" ಅಂತ ಗೆರೆ ಹಾಕಿದ ಪಟ್ಟಿ ಇದ್ದರೆ ಅದಕ್ಕೆ ಮರುಳಾಗಬೇಡಿ. ನಾನು ನೋಡಿದ ಯಾವ ಮನೆಯಲ್ಲೂ ಅದು ಫೆಬ್ರವರಿ ದಾಟಿ ತುಂಬಿಲ್ಲ.

ಆದರೂ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ, ಮಕ್ಕಳ ಪರೀಕ್ಷೆ, ಶಿಫ್ಟು, ಡಾಕ್ಟರ ತಾರೀಕು ಎಲ್ಲ ಒಂದೇ ಕಡೆ ಇರಬೇಕಾದ ಮನೆಗೆ ಇದೇ ಸರಿ. ಮೊಳೆ ಫ್ರಿಜ್ ಪಕ್ಕವೋ ಬಾಗಿಲ ಪಕ್ಕವೋ ಇದ್ದು ಹತ್ತಿರ ನಿಂತೇ ನೋಡುವುದಾದರೆ ಅಂಕಿ ಸಣ್ಣದಾದರೂ ತೊಂದರೆ ಇಲ್ಲ. ಕೊಂಡ ದಿನವೇ ಒಂದು ಗಂಟೆ ಕೂತು ಮನೆಯ ಹಬ್ಬಗಳನ್ನೂ ಬ್ಯಾಂಕ್ ಶನಿವಾರಗಳನ್ನೂ ಕೈಯಲ್ಲಿ ಬರೆದುಬಿಡಿ.

ಪುಕ್ಕಟೆ ಬರುವ ದೇವರ ಚಿತ್ರದ ಕ್ಯಾಲೆಂಡರ್ ಬಗ್ಗೆ ಹೇಳುವುದು ಕಡಿಮೆ. ಚಿತ್ರ ದೊಡ್ಡದು, ಕೆಳಗೆ ಅಂಗಡಿಯ ಹೆಸರು ಅದಕ್ಕಿಂತ ದೊಡ್ಡದು, ತಾರೀಕಿಗೆ ಉಳಿದ ಕಾಲು ಭಾಗ. ಪೂಜೆಗೆ ಇಟ್ಟುಕೊಳ್ಳಿ, ತಾರೀಕಿಗೆ ನಂಬಬೇಡಿ. ದಿನಕ್ಕೊಂದು ಹಾಳೆ ಹರಿಯುವುದರಲ್ಲಿ ಅಂಕಿ ಎಲ್ಲಕ್ಕಿಂತ ದೊಡ್ಡದು, ಆದರೆ ಮುಂದಿನ ವಾರ ಕಾಣುವುದಿಲ್ಲ. ಒಬ್ಬರೇ ಇರುವ ಹಿರಿಯರಿಗೆ ಇವತ್ತು ಯಾವ ದಿನ ಅಂತ ತಿಳಿದರೆ ಸಾಕು ಅನ್ನುವಲ್ಲಿ ಅದು ಚೆನ್ನ, ಆದರೆ ದಿನಾ ಹರಿಯುವವರು ಬೇಕು.

ಅಕ್ಕನ ಮೊಳೆಗೆ

ನಾನು ಮೂರನ್ನೂ ಒಂದೊಂದಾಗಿ ಅದೇ ಮೊಳೆಗೆ ಹಾಕಿ, ಮೂವರಿಗೂ ಒಂದೇ ಪ್ರಶ್ನೆ ಕೇಳಿದೆ. ಅಕ್ಕ ಒಲೆಯ ಹತ್ತಿರ, ಅತ್ತೆ ಕುರ್ಚಿಯಲ್ಲಿ, ಮಗಳು ನಿಂತಲ್ಲೇ. ಆಗಸ್ಟ್ 26 ಯಾವ ವಾರ, ಅವತ್ತು ರಜೆಯಾ? ಅದು ಬುಧವಾರ, ಈದ್ ಮಿಲಾದ್ ರಜೆ. ದಪ್ಪ ಅಂಕಿಯದರಲ್ಲಿ ಮೂವರೂ ಇದ್ದಲ್ಲಿಂದಲೇ ಹೇಳಿದರು. ಪಂಚಾಂಗದಲ್ಲಿ ಅತ್ತೆ ಎದ್ದು ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ಹೇಳಿದರು, ಜೊತೆಗೆ ನಕ್ಷತ್ರವನ್ನೂ ಹೇಳಿದರು. ಪ್ಲ್ಯಾನರ್‌ನಲ್ಲಿ ಮಗಳೊಬ್ಬಳೇ ಗೆದ್ದಳು.

ಮೊಳೆಗೆ ದಪ್ಪ ಅಂಕಿಯದೇ ಹೋಯಿತು. ಆಗಸ್ಟ್‌ನ 30, 31ಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು 29ರಿಂದ ಒಂದು ಬಾಣ ಹಾಕಿದ್ದೇವೆ. ಪಂಚಾಂಗ ದೇವರ ಕಪಾಟಿನ ಬಾಗಿಲ ಒಳಗಡೆಯ ಕೊಕ್ಕೆಗೆ ಹೋಯಿತು. ಅದನ್ನು ಹೇಗೂ ಹತ್ತಿರ ನಿಂತೇ ಓದುವುದು. ಪ್ಲ್ಯಾನರನ್ನು ಮಗಳು ತನ್ನ ಮೇಜಿನ ಮೇಲೆ ಮಲಗಿಸಿಕೊಂಡಿದ್ದಾಳೆ. ಮಲಗಿಸಿದರೆ ಬಾಲ್‌ಪೆನ್ನೂ ಚೆನ್ನಾಗಿ ಬರೆಯುತ್ತದೆ.

ನಿಮ್ಮ ಮನೆಯಲ್ಲಿ ವ್ರತಗಳೇ ಮುಖ್ಯ, ದೂರದಿಂದ ನೋಡುವವರು ಯಾರೂ ಇಲ್ಲ ಅಂದರೆ ಉತ್ತರ ತಿರುಗುಮುರುಗು ಆಗುತ್ತದೆ, ಮೊಳೆ ಪಂಚಾಂಗಕ್ಕೆ. ಎರಡು ಮೊಳೆ ಇದ್ದರೆ ದಪ್ಪ ಅಂಕಿಯದೂ ಪಂಚಾಂಗವೂ ಸೇರಿ ಒಂದು ಪ್ಲ್ಯಾನರ್‌ಗಿಂತ ಕಡಿಮೆ ದುಡ್ಡಿಗೆ ಬರುತ್ತವೆ.

2027ಕ್ಕೆ ಕೊಳ್ಳುವವರಿಗೆ ಒಂದು ಅನುಕೂಲ ಇದೆ. ಆ ವರ್ಷ ಆರು ವಾರದ ತಿಂಗಳು ಮೂರು: ಜನವರಿ, ಮೇ, ಅಕ್ಟೋಬರ್. ಜನವರಿ 1 ಶುಕ್ರವಾರ, 31 ಭಾನುವಾರ ಒಂಟಿಯಾಗಿ ಉಳಿಯುತ್ತದೆ. ಅವೆನ್ಯೂ ರಸ್ತೆಯ ಅಂಗಡಿಯವರು ಎಂದಿನಂತೆ ಜನವರಿ ಪುಟವನ್ನೇ ಬಿಚ್ಚಿ ತೋರಿಸಲಿ. 31 ಎಲ್ಲಿ ಕೂತಿದೆ ನೋಡಿ.